ಎರಡು ನಿಮಿಷಗಳ ವಿಡಿಯೋ ಪರಿಚಯ: ಅಂಕಪಟ್ಟಿ ಹೇಳದಿರುವುದನ್ನು ಹೇಳುವ ಬಗೆ

ಪ್ಲಸ್ ಟು ಫಲಿತಾಂಶ ಹೊರಬಿದ್ದ ಮೇಲಿನ ವಾರಗಳು ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮನೆಗಳಲ್ಲಿ ಅರ್ಜಿಗಳ ಕಾಲ. ಅಂಕಪಟ್ಟಿಯ ಪ್ರತಿ, ವಿಲ್ಲೇಜ್ ಆಫೀಸಿನಿಂದ ತರುವ ವರಮಾನ ಪ್ರಮಾಣಪತ್ರ, ಭಾವಚಿತ್ರ, ಶಾಲೆಯ ಮುಖ್ಯಸ್ಥರ ಸಹಿ ಇವೆಲ್ಲ ಹೆತ್ತವರಿಗೆ ಪರಿಚಿತವಾದ ಸಂಗತಿಗಳೇ. ಆದರೆ ಈಚಿನ ವರ್ಷಗಳಲ್ಲಿ ಕೆಲವು ವಿಶ್ವವಿದ್ಯಾಲಯಗಳ, ವಿದ್ಯಾರ್ಥಿವೇತನಗಳ, ತರಬೇತಿ ಶಿಬಿರಗಳ ಅರ್ಜಿಯ ಕೊನೆಯಲ್ಲಿ ಹೊಸತೊಂದು ಸಾಲು ಕಾಣಿಸಿಕೊಂಡಿದೆ: ತಮ್ಮನ್ನು ಪರಿಚಯಿಸಿಕೊಳ್ಳುವ ಒಂದೆರಡು ನಿಮಿಷಗಳ ವಿಡಿಯೋ ಲಗತ್ತಿಸಬೇಕು. ಕಾಗದಪತ್ರಗಳಿಗಾಗಿ ನಾಲ್ಕು ಕಚೇರಿ ಸುತ್ತಲು ಹಿಂಜರಿಯದ ಮನೆಯವರೂ ಈ ಸಾಲಿನ ಎದುರು ನಿಂತುಬಿಡುತ್ತಾರೆ. ಹುಡುಗಿ ಇಂಗ್ಲಿಷಿನಲ್ಲಿ ಏನೆಂದು ಹೇಳಬೇಕು, ಯಾರು ಬರೆದುಕೊಡಬೇಕು, ಎಲ್ಲಿ ಚಿತ್ರೀಕರಿಸಬೇಕು ಎಂಬ ಚರ್ಚೆಯಲ್ಲೇ ಕೊನೆಯ ದಿನಾಂಕ ಬಂದುಬಿಡುತ್ತದೆ. ಅರ್ಜಿ ಹಾಕುವುದನ್ನೇ ಕೈಬಿಟ್ಟರೆ, ಅಂಕದಲ್ಲಿ ಅರ್ಹಳಾದವಳು ಎರಡು ನಿಮಿಷದ ಅಂಜಿಕೆಯಿಂದ ಅವಕಾಶ ಕಳೆದುಕೊಂಡಂತಾಗುತ್ತದೆ.

ಇಂಥ ವಿಡಿಯೋವನ್ನು ಕೇಳುವುದರ ಉದ್ದೇಶ ತಿಳಿದರೆ ಅಂಜಿಕೆ ಅರ್ಧ ಇಳಿಯುತ್ತದೆ. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯವು 2018ರಲ್ಲಿ ಪ್ರವೇಶದ ಅಭ್ಯರ್ಥಿಗಳಿಗೆ ಎರಡು ನಿಮಿಷಗಳ ವಿಡಿಯೋ ಪರಿಚಯ ಕಳುಹಿಸುವ ಅವಕಾಶ ಕೊಟ್ಟಿತು. ಸಂದರ್ಶನಕ್ಕಾಗಿ ದೂರ ಪ್ರಯಾಣ ಮಾಡಲಾಗದವರೂ ತಮ್ಮ ದನಿಯಲ್ಲಿ ಮಾತನಾಡಲಿ ಎಂಬುದು ಇಂಥ ಏರ್ಪಾಡಿನ ಒಳಗಿನ ತರ್ಕ. ಅಂಕಗಳು ಅರ್ಜಿಯಲ್ಲಿ ಮೊದಲೇ ಇವೆ. ಆದುದರಿಂದ ನೋಡುವವರು ವಿಡಿಯೋದಲ್ಲಿ ಹುಡುಕುವುದು ಕಾಗದದ ಮೇಲೆ ಕಾಣದ ಒಂದು ಸಂಗತಿಯನ್ನು: ಈ ವ್ಯಕ್ತಿ ತನಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಗೊತ್ತಿಲ್ಲದವರಿಗೆ ಹೇಗೆ ತಿಳಿಸುತ್ತಾಳೆ?

ಇದನ್ನು ಒಂದು ಉದಾಹರಣೆಯ ಮೂಲಕ ನೋಡುವುದು ಅನುಕೂಲ. ಕಾಸರಗೋಡಿನ ಒಳನಾಡಿನಲ್ಲಿ ಗುಡ್ಡದ ಬುಡದಲ್ಲಿ ಮನೆಯಿರುವ, ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ವಿಭಾಗದಲ್ಲಿ ಪ್ಲಸ್ ಟು ಮುಗಿಸಿದ ಒಬ್ಬಳು ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಅವಳು ಭೂವಿಜ್ಞಾನದ ಪದವಿಗೂ ಅದರೊಂದಿಗಿನ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುತ್ತಿದ್ದಾಳೆ.

ಮೊದಲು ಕೋರಿಕೆಯನ್ನು ಓದುವುದು

ಕೋರಿಕೆಯ ಮೂರು ನಾಲ್ಕು ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ಎಷ್ಟು ಹೊತ್ತು, ಯಾವ ಭಾಷೆ, ಫೋನನ್ನು ಅಡ್ಡ ಹಿಡಿಯಬೇಕೋ ನೇರ ಹಿಡಿಯಬೇಕೋ, ಕಡತವನ್ನೇ ಕಳುಹಿಸಬೇಕೋ ಕೊಂಡಿ ಸಾಕೋ, ಎಲ್ಲಕ್ಕಿಂತ ಮುಖ್ಯವಾಗಿ ಪ್ರಶ್ನೆ ಯಾವುದು ಎಂಬುದನ್ನು ಗುರುತಿಸಬೇಕು. ‘ನಿಮ್ಮನ್ನು ಪರಿಚಯಿಸಿಕೊಳ್ಳಿ’ ಎಂಬುದು ಒಂದು ಪ್ರಶ್ನೆ; ‘ಈ ಕೋರ್ಸನ್ನು ಏಕೆ ಆರಿಸಿದಿರಿ’ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲನೆಯದರ ಉತ್ತರ ಕೊಟ್ಟರೆ ಮಾತು ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಕೆಲವು ಸಂಸ್ಥೆಗಳು ಮನೆಯಲ್ಲಿ ಚಿತ್ರೀಕರಿಸಿ ಕಳುಹಿಸಲು ಹೇಳುತ್ತವೆ. ಎಷ್ಟು ಬಾರಿ ಬೇಕಾದರೂ ಪ್ರಯತ್ನಿಸಬಹುದು. ಇನ್ನು ಕೆಲವು ತಮ್ಮದೇ ಜಾಲಪುಟದಲ್ಲಿ ಪ್ರಶ್ನೆಯನ್ನು ತೋರಿಸಿ, ಅರೆ ನಿಮಿಷ ಯೋಚಿಸಲು ಬಿಟ್ಟು, ಕೂಡಲೇ ಚಿತ್ರೀಕರಣ ಆರಂಭಿಸುತ್ತವೆ. ಅಲ್ಲಿ ಸಾಮಾನ್ಯವಾಗಿ ಎರಡನೆಯ ಅವಕಾಶವಿಲ್ಲ. ಕೊಂಡಿಯನ್ನು ಕುತೂಹಲಕ್ಕೆಂದು ತೆರೆದು ನೋಡುವ ಮೊದಲು ಇದು ಯಾವ ಬಗೆಯದು ಎಂದು ತಿಳಿದಿರಬೇಕು. ಮುಂದಿನ ಮಾತುಗಳು ಮೊದಲ ಬಗೆಯ ವಿಡಿಯೋವನ್ನು ಕುರಿತವು.

ಹೇಳುವುದು ಯಾವುದನ್ನು?

ನಮ್ಮ ವಿದ್ಯಾರ್ಥಿನಿ ಮೊದಲು ಬರೆದುಕೊಳ್ಳುವ ಮಾತು ಬಹುಮಟ್ಟಿಗೆ ಹೀಗಿರುತ್ತದೆ: ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಶಾಲೆ, ಎಸ್ಸೆಸ್ಸೆಲ್ಸಿಯ ಅಂಕ, ಪ್ಲಸ್ ಟುವಿನ ಅಂಕ, ಹವ್ಯಾಸ ಪುಸ್ತಕ ಓದುವುದು ಮತ್ತು ಸಂಗೀತ ಕೇಳುವುದು, ಗುರಿ ಸಮಾಜಸೇವೆ, ತಾನು ಕಷ್ಟಪಟ್ಟು ದುಡಿಯುವವಳು ಎಂಬ ಭರವಸೆ, ಕೊನೆಗೆ ವಂದನೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಧ ಭಾಗ ಅರ್ಜಿಯಲ್ಲೇ ಇದೆ. ಉಳಿದರ್ಧವನ್ನು ಬೇರೆ ಯಾವ ಅಭ್ಯರ್ಥಿಯ ಬಾಯಲ್ಲಿಟ್ಟರೂ ಹೊಂದಿಕೊಳ್ಳುತ್ತದೆ. ಹೆಸರು ಬದಲಿಸಿ ಇನ್ನೊಬ್ಬರು ಓದಬಹುದಾದ ವಾಕ್ಯ ಪರಿಚಯವಾಗಲಾರದು. ಬರೆದುಕೊಂಡ ಪ್ರತಿ ವಾಕ್ಯವನ್ನೂ ಈ ಒಂದು ಪರೀಕ್ಷೆಗೆ ಒಡ್ಡಿದರೆ ಬಹಳಷ್ಟು ಮಾತು ತಾನಾಗಿ ಉದುರುತ್ತದೆ.

ಉದುರಿದ ಜಾಗಕ್ಕೆ ಏನನ್ನು ತರಬೇಕು? ತಾನೇ ಕೈಯಾರೆ ಮಾಡಿದ, ಆರಿಸಿದ ಓದಿಗೆ ಸಂಬಂಧವಿರುವ ಒಂದೇ ಒಂದು ಕೆಲಸವನ್ನು. ಈ ಹುಡುಗಿಯ ಮನೆಗೆ ನೀರು ಬರುವುದು ಸುರಂಗದಿಂದ. ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ, ಮನುಷ್ಯ ಒಳಹೊಕ್ಕು ನಡೆಯಬಹುದಾದ ಈ ನೀರಿನ ಹಾದಿಗಳು ಕಾಸರಗೋಡಿನ ಓದುಗರಿಗೆ ಹೊಸತಲ್ಲ. ಆದರೆ ದೂರದ ನಗರದಲ್ಲಿ ಕುಳಿತು ಅರ್ಜಿ ನೋಡುವವರು ಅದನ್ನು ಬಹುಶಃ ಕಂಡಿರಲಾರರು. ಅವಳ ಎರಡನೆಯ ಕರಡು ಹೀಗಿರಬಹುದು:

‘ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ನಮಗೆ ಬಾವಿಯಿಲ್ಲ, ಗುಡ್ಡದೊಳಗೆ ಅಡ್ಡಲಾಗಿ ತೋಡಿದ ಸುರಂಗದಿಂದ ನೀರು ತಾನಾಗಿ ಹರಿದು ಬರುತ್ತದೆ. ಅದನ್ನು ತೋಡಿಸಿದವರು ನನ್ನ ಅಜ್ಜ. ಕಳೆದ ಬೇಸಗೆಯಲ್ಲಿ ನೀರು ಕಡಿಮೆಯಾಯಿತೆಂದು ಮನೆಯವರೆಲ್ಲ ಹೇಳಿದರು. ಎಷ್ಟು ಕಡಿಮೆಯೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಈ ವರ್ಷ ಜನವರಿಯಿಂದ ಪ್ರತಿ ಭಾನುವಾರ ಬೆಳಗ್ಗೆ ಹದಿನೈದು ಲೀಟರಿನ ಬಕೆಟ್ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದಿಟ್ಟೆ. ಜನವರಿಯಲ್ಲಿ ಐವತ್ತು ಸೆಕೆಂಡು. ಏಪ್ರಿಲ್ ಕೊನೆಗೆ ಎರಡೂವರೆ ನಿಮಿಷ. ಎಂದರೆ ನೀರು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಮಾರ್ಚಿನಲ್ಲಿ ಎರಡು ವಾರ ಲೆಕ್ಕ ಹೊಂದಲಿಲ್ಲ. ಬಕೆಟ್ ಓರೆಯಾಗಿ ನಿಂತು ನೀರು ಮೊದಲೇ ಚೆಲ್ಲುತ್ತಿತ್ತು ಎಂದು ಆಮೇಲೆ ತಿಳಿಯಿತು. ಆ ಎರಡು ಅಳತೆಗಳನ್ನು ಬಿಟ್ಟುಬಿಟ್ಟೆ. ಈಗ ಅಜ್ಜ ನನ್ನ ಪುಸ್ತಕ ನೋಡಿ ತೋಟಕ್ಕೆ ನೀರು ಬಿಡುವ ದಿನ ನಿಶ್ಚಯಿಸುತ್ತಾರೆ. ಆದರೆ ಮಳೆಯ ನೀರು ಗುಡ್ಡದೊಳಗೆ ಎಲ್ಲಿ ನಿಲ್ಲುತ್ತದೆ, ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದು ನನಗೆ ಇನ್ನೂ ಗೊತ್ತಿಲ್ಲ. ಅದನ್ನು ತಿಳಿಯಲು ಭೂವಿಜ್ಞಾನ ಓದಬೇಕೆಂದಿದ್ದೇನೆ.’

ನಿಧಾನವಾಗಿ ಹೇಳಿದರೆ ಇದು ಒಂದೂವರೆ ನಿಮಿಷದ ಆಸುಪಾಸಿನ ಮಾತು. ತಾನು ಶ್ರಮಜೀವಿ ಎಂದು ಹುಡುಗಿ ಎಲ್ಲಿಯೂ ಹೇಳಿಲ್ಲ. ಆದರೆ ನಾಲ್ಕು ತಿಂಗಳ ಭಾನುವಾರಗಳು ಅದನ್ನು ಹೇಳುತ್ತವೆ. ತಾನು ಪ್ರಾಮಾಣಿಕಳು ಎಂದೂ ಹೇಳಿಲ್ಲ. ಹೊಂದದ ಎರಡು ಅಳತೆಗಳನ್ನು ಮುಚ್ಚಿಡದೆ ಕಾರಣಸಹಿತ ಕೈಬಿಟ್ಟದ್ದು ಆ ಕೆಲಸ ಮಾಡುತ್ತದೆ. ಕೊನೆಯ ಎರಡು ವಾಕ್ಯಗಳಲ್ಲಿ ‘ಈ ಕೋರ್ಸು ಏಕೆ’ ಎಂಬ ಪ್ರಶ್ನೆಗೂ ಉತ್ತರವಿದೆ.

ಎಲ್ಲರ ಮನೆಯಲ್ಲೂ ಸುರಂಗ ಇರುವುದಿಲ್ಲ ನಿಜ. ವಾಣಿಜ್ಯ ಓದಬಯಸುವವನು ಮಾವನ ಅಂಗಡಿಯ ಸಾಲದ ಪುಸ್ತಕವನ್ನು ಸರಿಪಡಿಸಿದ್ದನ್ನು ಹೇಳಬಹುದು. ಭಾಷೆ ಅಥವಾ ಕಾನೂನು ಓದಬಯಸುವವಳು ಮಲಯಾಳದಲ್ಲಿ ಬಂದ ನೋಟೀಸನ್ನು ಅಜ್ಜಿಗೆ ತುಳುವಿನಲ್ಲಿ ವಿವರಿಸಿ, ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟ ಒಂದು ದಿನವನ್ನು ಹೇಳಬಹುದು. ಗಡಿನಾಡಿನ ಮಕ್ಕಳು ದಿನವೂ ಮಾಡುವ ಇಂಥ ಕೆಲಸಗಳು ಅವರಿಗೇ ಕೆಲಸವೆಂದು ತೋರುವುದಿಲ್ಲ. ಹೆತ್ತವರು ನೆನಪಿಸಬೇಕಾದದ್ದು ಇಲ್ಲಿ. ಒಂದೇ ಎಚ್ಚರ: ಸಂಗತಿ ಸ್ವಂತದ್ದೇ ಆಗಿರಬೇಕು. ಆಯ್ಕೆಯ ಮುಂದಿನ ಹಂತದಲ್ಲಿ ಸಂದರ್ಶಕರು ‘ಬಕೆಟ್ ಓರೆಯಾದದ್ದು ಹೇಗೆ ಗೊತ್ತಾಯಿತು’ ಎಂದು ಕೇಳಿಯೇ ಕೇಳುತ್ತಾರೆ. ಅಳತೆ ಮಾಡಿದವಳಿಗೆ ಅದು ಸುಲಭದ ಪ್ರಶ್ನೆ, ಬರೆಸಿಕೊಂಡವಳಿಗೆ ಬಲೆ.

ಯಾವ ಭಾಷೆಯಲ್ಲಿ?

ಕೋರಿಕೆಯಲ್ಲಿ ಭಾಷೆಯ ಉಲ್ಲೇಖವಿಲ್ಲದಿದ್ದರೆ ಊಹಿಸಬಾರದು. ಸಂಸ್ಥೆಗೆ ಎರಡು ಸಾಲಿನ ಮಿಂಚಂಚೆ ಬರೆದು, ಕನ್ನಡದಲ್ಲಿ ಮಾತನಾಡಿ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬಹುದೇ ಎಂದು ಕೇಳಬೇಕು. ಒಪ್ಪಿದರೆ ಮಾತಿನ ಅನುವಾದವನ್ನು ಪರದೆಯ ಕೆಳಭಾಗದಲ್ಲಿ ಅಕ್ಷರಗಳಾಗಿ ಮೂಡಿಸಬೇಕು ಅಥವಾ ಬೇರೆ ಹಾಳೆಯಲ್ಲಿ ಲಗತ್ತಿಸಬೇಕು. ಇಂಗ್ಲಿಷೇ ಆಗಬೇಕೆಂದರೆ ಅದರಲ್ಲೇ ಹೇಳಬೇಕು. ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡುವಂಥ ಉದ್ಯೋಗಗಳಲ್ಲಿ ಇಂಗ್ಲಿಷಿನ ನಿರರ್ಗಳತೆಯೇ ಪರೀಕ್ಷೆಯ ವಿಷಯವಾಗಿರುತ್ತದೆ. ಅಲ್ಲಿ ಸಂಗತಿಯೊಂದರಿಂದಲೇ ಆ ಕೊರತೆ ತುಂಬದು. ಓದಿನ ಅರ್ಜಿಗಳಲ್ಲಿ ಹೆಚ್ಚಾಗಿ ಬೇಕಾಗುವುದು ಅರ್ಥವಾಗುವ ಇಂಗ್ಲಿಷ್, ಅಲಂಕಾರದ ಇಂಗ್ಲಿಷಲ್ಲ.

ಇಂಗ್ಲಿಷಿನ ಮಾತು ಸಿದ್ಧವಾಗಬೇಕಾದ ಕ್ರಮ ಒಂದಿದೆ. ಮೊದಲು ವಿಷಯವನ್ನು ಮನೆಮಾತಿನಲ್ಲಿ, ಪುಸ್ತಕವಿಲ್ಲದೆ, ತಂಗಿಗೋ ನೆರೆಯವರಿಗೋ ಪೂರ್ತಿ ಹೇಳಬೇಕು. ಆಗ ಸಂಗತಿಗಳ ಅನುಕ್ರಮ ತಲೆಯಲ್ಲಿ ನಿಲ್ಲುತ್ತದೆ. ಆಮೇಲೆ ಅದೇ ಅನುಕ್ರಮವನ್ನು ಹತ್ತು ಹನ್ನೆರಡು ಪದ ಮೀರದ ಇಂಗ್ಲಿಷ್ ವಾಕ್ಯಗಳಾಗಿ ಬರೆಯಬೇಕು. ಗೊತ್ತಿರುವ ಪದ ಸಾಕು. ನಿಘಂಟಿನಿಂದ ತಂದ ದೊಡ್ಡ ಪದ ನಾಲಗೆಯಲ್ಲಿ ತೊಡರುತ್ತದೆ. ಸುರಂಗವನ್ನು ಸುರಂಗವೆಂದೇ ಕರೆದು, ನೀರಿಗಾಗಿ ಗುಡ್ಡದಲ್ಲಿ ತೋಡಿದ ದಾರಿಯೆಂದು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಆಯಿತು. ಹೆಸರಿನ ಹಿಂದೆ ‘ಮೈಸೆಲ್ಫ್’ ಎಂದು ಸೇರಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದ್ದರೂ ಇಂಗ್ಲಿಷಿನಲ್ಲಿ ಸರಿಯಾದ ಬಳಕೆಯಲ್ಲ. ‘ಐ ಆಮ್’ ಎಂದರೆ ಸಾಕು. ‘ನಾನು ಕನ್ನಡ ಮಾಧ್ಯಮದವಳು, ನನ್ನ ಇಂಗ್ಲಿಷನ್ನು ಕ್ಷಮಿಸಿ’ ಎಂಬ ಆರಂಭವೂ ಬೇಡ. ಅದು ಇರುವ ನೂರಿಪ್ಪತ್ತು ಸೆಕೆಂಡುಗಳಲ್ಲಿ ಹತ್ತನ್ನು ನುಂಗಿ, ಕೇಳುವವರು ತಪ್ಪುಗಳನ್ನೇ ಹುಡುಕುವಂತೆ ಮಾಡುತ್ತದೆ. ಕನ್ನಡ ಮಾಧ್ಯಮದ ಮಾತು ಬರಬೇಕಾದರೆ ಸಂಗತಿಯಾಗಿ ಬರಲಿ.

ಇಂಗ್ಲಿಷಿನಲ್ಲಿ ಅಭ್ಯಾಸವಿದ್ದವರು ನಿಮಿಷಕ್ಕೆ ಸುಮಾರು 130 ಪದ ಹೇಳುತ್ತಾರೆ. ಕಲಿಯುತ್ತಿರುವವರು ಎರಡು ನಿಮಿಷಕ್ಕೆ 200 ಪದ ಮೀರದಂತೆ ಬರೆಯುವುದು ಲೇಸು. ವಿಭಕ್ತಿ ಸೇರಿ ಉದ್ದವಾಗುವ ಕನ್ನಡದ ಪದಗಳಿಗೆ ಈ ಎಣಿಕೆ ಹೊಂದುವುದಿಲ್ಲ. ಗಡಿಯಾರವಿಟ್ಟು ಗಟ್ಟಿಯಾಗಿ ಹೇಳಿ ನೋಡುವುದೇ ದಾರಿ. ಮಿತಿ ಎರಡು ನಿಮಿಷವಾದರೆ ಒಂದು ನಿಮಿಷ ಐವತ್ತು ಸೆಕೆಂಡಿಗೆ ಮುಗಿಯಬೇಕು, ಏಕೆಂದರೆ ಕೆಲವು ಜಾಲಪುಟಗಳು ಮಿತಿ ದಾಟಿದ ಕಡತವನ್ನು ಸ್ವೀಕರಿಸುವುದೇ ಇಲ್ಲ.

ಬಾಯಿಪಾಠ ಹೇಗೆ ಬಯಲಾಗುತ್ತದೆ

ಬರೆದದ್ದನ್ನು ಅಕ್ಷರಶಃ ಬಾಯಿಪಾಠ ಮಾಡಿಸುವುದು ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು. ಬಾಯಿಪಾಠದ ಮಾತು ಮೂರು ಗುರುತುಗಳಿಂದ ತಿಳಿಯುತ್ತದೆ. ಕಣ್ಣು ಮೇಲಕ್ಕೋ ಪಕ್ಕಕ್ಕೋ ಹೋಗಿ ಮುಂದಿನ ಸಾಲನ್ನು ಹುಡುಕುತ್ತದೆ. ದನಿ ಎಲ್ಲ ವಾಕ್ಯಗಳಲ್ಲೂ ಒಂದೇ ಏರಿಳಿತದಲ್ಲಿ ಸಾಗುತ್ತದೆ. ಒಂದು ಪದ ಮರೆತರೆ ಮಾತು ಮುಂದೆ ಸಾಗದೆ ವಾಕ್ಯದ ಆರಂಭಕ್ಕೇ ಮರಳುತ್ತದೆ. ಫೋನಿನ ಪಕ್ಕದಲ್ಲಿ ಹಾಳೆ ಅಂಟಿಸಿ ಓದಿದರೂ ಕಣ್ಣು ಎಡದಿಂದ ಬಲಕ್ಕೆ ಓಡುವುದು ಎದ್ದು ಕಾಣುತ್ತದೆ.

ಇದಕ್ಕೆ ಪರಿಹಾರವೆಂದರೆ ವಾಕ್ಯಗಳ ಬದಲು ಮೆಟ್ಟಿಲುಗಳನ್ನು ನೆನಪಿಡುವುದು. ಮೇಲಿನ ಮಾತಿಗೆ ಮೆಟ್ಟಿಲು ಐದೇ: ಸುರಂಗ, ಯಾರಿಗೂ ಗೊತ್ತಿಲ್ಲದ ಲೆಕ್ಕ, ಬಕೆಟ್, ಓರೆಯಾದ ಎರಡು ವಾರ, ತಿಳಿಯದೆ ಉಳಿದ ಪ್ರಶ್ನೆ. ಈ ಐದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹಿಂದಿನ ಗೋಡೆಗೆ ಅಂಟಿಸಿ, ಪ್ರತಿ ಸಲವೂ ಮಾತು ಸ್ವಲ್ಪ ಬೇರೆಯಾಗಿ ಬರಲು ಬಿಡಬೇಕು. ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಮಾತ್ರ ಗಟ್ಟಿಮಾಡಿಕೊಂಡರೆ ಆರಂಭದ ನಡುಕವೂ, ಮುಗಿಸಲಾಗದ ಎಳೆತವೂ ತಪ್ಪುತ್ತವೆ. ದಿನಕ್ಕೆ ನಾಲ್ಕೈದು ಬಾರಿಗಿಂತ ಹೆಚ್ಚು ಚಿತ್ರೀಕರಿಸುವುದೂ ಒಳ್ಳೆಯದಲ್ಲ. ಆಮೇಲಿನ ಪ್ರಯತ್ನಗಳಲ್ಲಿ ಮಾತು ಸರಿಯಾಗುತ್ತಾ ಹೋಗಿ ಮುಖ ದಣಿಯುತ್ತಾ ಹೋಗುತ್ತದೆ.

ಬೆಳಕು ಮತ್ತು ಸದ್ದು

ಇದಕ್ಕೆ ಸ್ಟುಡಿಯೋ ಬೇಡ, ಮನೆಯ ಫೋನು ಸಾಕು. ಕಿಟಕಿ ಮಾತನಾಡುವವಳ ಎದುರಿಗಿರಬೇಕು. ಬೆನ್ನ ಹಿಂದೆ ಕಿಟಕಿಯಿದ್ದರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಗಳ ರಾಶಿಯ ಮೇಲೆ ಕಣ್ಣಿನ ಎತ್ತರಕ್ಕೆ, ಎರಡು ಮೂರು ಅಡಿ ದೂರದಲ್ಲಿ ಒರಗಿಸಿಡಬೇಕು. ಹಿಂಬದಿಯ ಕ್ಯಾಮೆರಾ ಬಳಸುವುದು ಮೇಲು: ಚಿತ್ರ ಸ್ಪಷ್ಟ, ಜೊತೆಗೆ ತನ್ನ ಮುಖವನ್ನೇ ತಾನು ನೋಡುತ್ತಿರುವ ಚಟವೂ ತಪ್ಪುತ್ತದೆ. ಅಮ್ಮನೋ ಅಣ್ಣನೋ ಫೋನಿನ ಹಿಂದೆ, ಕ್ಯಾಮೆರಾದ ಕಣ್ಣಿಗೆ ತಾಗಿದಂತೆ ಕುಳಿತರೆ ಹುಡುಗಿ ಯಂತ್ರಕ್ಕಲ್ಲ, ಮನುಷ್ಯರಿಗೆ ಹೇಳುತ್ತಾಳೆ. ಆದರೆ ಅವರು ನಡುವೆ ತಿದ್ದಬಾರದು, ತುಟಿಯಾಡಿಸಿ ಪದ ಎತ್ತಿಕೊಡಲೂಬಾರದು.

ಚಿತ್ರ ಸ್ವಲ್ಪ ಮಬ್ಬಾದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಮುಂದಿನ ಅರ್ಜಿಗೆ ಹೋಗುತ್ತಾರೆ. ಅರ್ಜಿಗಳ ಕಾಲ ನಮ್ಮಲ್ಲಿ ಮಳೆಗಾಲವೂ ಹೌದು. ತಗಡಿನ ಮಾಡಿನ ಮೇಲೆ ಬೀಳುವ ಮಳೆ ಮಾತನ್ನು ಪೂರ್ತಿ ಮುಳುಗಿಸುತ್ತದೆ. ಆದುದರಿಂದ ಮಳೆ ಬಿಟ್ಟ ಹೊತ್ತನ್ನು ಕಾಯಬೇಕು. ಫ್ಯಾನು, ಮಿಕ್ಸಿ, ಟಿವಿ ನಿಲ್ಲಿಸಬೇಕು. ಖಾಲಿ ಕೋಣೆಯಲ್ಲಿ ದನಿ ಮಾರ್ದನಿಗೊಳ್ಳುತ್ತದೆ; ಹಾಸಿಗೆ, ಬಟ್ಟೆಗಳಿರುವ ಕೋಣೆ ಉತ್ತಮ. ಕರೆ ಬಂದು ಚಿತ್ರೀಕರಣ ನಿಲ್ಲದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬಾರದು.

ಮುಗಿದ ಮೇಲೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಅದನ್ನು ಒಮ್ಮೆ ಮಾತ್ರ ತೋರಿಸಿ, ಏನು ನೆನಪುಳಿಯಿತು ಎಂದು ಕೇಳಬೇಕು. ‘ಚೆನ್ನಾಗಿ ಮಾತನಾಡಿದ್ದಾಳೆ’ ಎಂದಷ್ಟೇ ಹೇಳಿದರೆ ಮಾತು ತಲುಪಿಲ್ಲ. ‘ಬಕೆಟ್ ಇಟ್ಟು ನೀರು ಅಳೆದ ಹುಡುಗಿ’ ಎಂದರೆ ತಲುಪಿದೆ.

ಕಳುಹಿಸುವಲ್ಲಿ ತಪ್ಪುವುದು

ಚೆನ್ನಾಗಿ ಆದ ವಿಡಿಯೋ ಕೊನೆಯ ಹಂತದಲ್ಲಿ ಕೆಡುವುದುಂಟು. 1080p ಗುಣಮಟ್ಟದಲ್ಲಿ ತೆಗೆದ ಎರಡು ನಿಮಿಷದ ಕಡತ ಫೋನಿಗೆ ಅನುಗುಣವಾಗಿ ನೂರರಿಂದ ಇನ್ನೂರೈವತ್ತು ಎಂಬಿಯವರೆಗೂ ಆಗಬಹುದು. ಜೀಮೇಲ್ ಮೂಲಕ ಲಗತ್ತಿಸಬಹುದಾದದ್ದು 25 ಎಂಬಿ ಮಾತ್ರ. ಸಂಸ್ಥೆಯ ಮಿತಿ ಚಿಕ್ಕದಾಗಿದ್ದರೆ ಚಿತ್ರೀಕರಿಸುವ ಮೊದಲೇ ಕ್ಯಾಮೆರಾದ ಗುಣಮಟ್ಟವನ್ನು 720pಗೆ ಇಳಿಸಬೇಕು. ಅರ್ಜಿ ತುಂಬುವ ಅಂಗಡಿಗೆ ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ವಿಡಿಯೋ ಆಗಿ ಕಳುಹಿಸದೆ Document ಆಗಿ ಕಳುಹಿಸಬೇಕು. ಇಲ್ಲವಾದರೆ ಚಿತ್ರವೂ ದನಿಯೂ ಕುಗ್ಗುತ್ತವೆ.

ಕೊಂಡಿ ಕೊಡಬೇಕಾದಲ್ಲಿ ಹೆಚ್ಚಾಗಿ ಆಗುವ ತಪ್ಪು ಬೀಗದ್ದು. ಯೂಟ್ಯೂಬಿನಲ್ಲಿ Private ಎಂದಿಟ್ಟರೆ ಸಂಸ್ಥೆಯವರಿಗೆ ವಿಡಿಯೋ ತೆರೆಯುವುದಿಲ್ಲ. Public ಎಂದಿಟ್ಟರೆ ಲೋಕಕ್ಕೆಲ್ಲ ತೆರೆದಿರುತ್ತದೆ. ಇವೆರಡರ ನಡುವಿನ Unlisted ಎಂಬುದನ್ನು ಆರಿಸಬೇಕು. ಆಗ ಕೊಂಡಿಯಿದ್ದವರಿಗೆ ಮಾತ್ರ ಕಾಣುತ್ತದೆ. ಗೂಗಲ್ ಡ್ರೈವಿನಲ್ಲಾದರೆ Restricted ಎಂದಿರುವುದನ್ನು Anyone with the link ಎಂದು ಬದಲಿಸಿ, ಪಕ್ಕದಲ್ಲಿ Viewer ಎಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ನಮ್ಮದೇ ಫೋನಿನಲ್ಲಿ ತೆರೆದು ನೋಡಿದರೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ, ಏಕೆಂದರೆ ಅದು ನಮ್ಮ ಖಾತೆ. ಕೊಂಡಿಯನ್ನು ನೆರೆಮನೆಯವರ ಫೋನಿಗೆ ಕಳುಹಿಸಿ ಅಲ್ಲಿ ತೆರೆಯುತ್ತದೆಯೇ ಎಂದು ನೋಡಬೇಕು. ಫಲಿತಾಂಶ ಬರುವವರೆಗೆ ಆ ಕಡತವನ್ನು ಅಳಿಸಬಾರದು.

ವಿಡಿಯೋದಲ್ಲಿ ಮನೆಯ ಪೂರ್ಣ ವಿಳಾಸ, ಫೋನ್ ಸಂಖ್ಯೆ, ಆಧಾರ್ ಸಂಖ್ಯೆ ಹೇಳುವ ಅಗತ್ಯವಿಲ್ಲ. ಅವು ಅರ್ಜಿಯಲ್ಲಿ ಇರುವ ವಿವರಗಳು. ‘ವಿಡಿಯೋ ಪರಿಶೀಲನೆಗೆ’ ಎಂದು ಯಾರಾದರೂ ಪ್ರತ್ಯೇಕ ಹಣ ಕೇಳಿದರೆ, ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿಯಲು ಹೇಳಿದರೆ, ಸಂಸ್ಥೆಯ ಜಾಲಪುಟದಲ್ಲಿರುವ ಸಂಖ್ಯೆಗೆ ಕರೆಮಾಡಿ ವಿಚಾರಿಸದೆ ಮುಂದುವರಿಯಬಾರದು.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ನೆಚ್ಚುವಂಥವಲ್ಲ. ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲೇ ಕಳುಹಿಸಿ, ಸ್ವೀಕೃತಿಯ ಸಂದೇಶ ಬಂದುದನ್ನು ನೋಡಿ, ಅದರ ಪ್ರತಿಯನ್ನು ಅರ್ಜಿಯ ಇತರ ಕಾಗದಗಳೊಡನೆ ತೆಗೆದಿಡುವುದರೊಂದಿಗೆ ಈ ಕೆಲಸ ಮುಗಿಯುತ್ತದೆ. ನೀರಿನ ಅಳತೆ ಬರೆದ ಆ ಪುಸ್ತಕವನ್ನೂ ಜೊತೆಗಿಡಬೇಕು. ಸಂದರ್ಶನಕ್ಕೆ ಕರೆ ಬಂದರೆ ಮೊದಲು ಕೇಳುವುದು ಅದನ್ನೇ.